ಹುಬ್ಬಳ್ಳ್ಯಾಗ ನೆರಳು 12ಕ್ಕ ಯಾಕ ಸಣ್ಣದಾಗೂದಿಲ್ಲ? ರೈಲ್ವೆ ಟೈಮಿಗೂ ಇದಕ್ಕೂ ಏನ್ ಸಂಬಂಧ?

ನವನಗರ_ನೆರಳು
ಶಾಲಿ ಅಂಗಳದಾಗ ಸೂರ್ಯಗಡಿಯಾರ ಕೂಡಿಸೂದೈತಿ. ನೆಟ್ಟ ಕೋಲಿನ ನೆರಳು 12ಕ್ಕ ಎಲ್ಲಕ್ಕಿಂತ ಸಣ್ಣದಿರಬೇಕು ಅಂತ ಪುಸ್ತಕದಾಗ ಐತಿ. ಇಲ್ಲಿ ಹಂಗ ಬರೂದಿಲ್ಲ. ನವೆಂಬರ್ ಮೊದಲ ವಾರ ನೋಡಿದ್ರ 12 ದಾಟಿ ಕಾಲು ತಾಸಿನೊಳಗ ಬರತೈತಿ, ಫೆಬ್ರವರಿಯೊಳಗ ನೋಡಿದ್ರ ಮುಕ್ಕಾಲು ತಾಸಿನ ಹತ್ತಿರ ಹೋಗತೈತಿ. ಫೋನಿನ ಟೈಮ್ ಸರಿ ಐತಿ, ಕೋಲು ನೆಟ್ಟಗ ಐತಿ. ಎರಡು ಪ್ರಶ್ನೆ: ಈ ಫರಕ ದಿನಾ ಯಾಕ ಬದಲಾಗತೈತಿ? "ಇದು ರೈಲ್ವೆಯವರು ಮಾಡಿದ್ದು, ಮೊದಲು ಊರಿಗೊಂದು ಟೈಮ್ ಇತ್ತು" ಅಂತಾರಲ್ಲ, ಅದು ಖರೆನಾ?

ಕೇಶ್ವಾಪುರ_ಕಟ್ಟಿ
ಸರಳ ಐತ್ರಿ. 1884ರಾಗ ವಾಷಿಂಗ್ಟನ್ ಸಭಾದಾಗ ಜಗತ್ತನ್ನ 24 ವಲಯ ಮಾಡಿ ಹಂಚಿದ್ರು. ನಮ್ಮ ಪಾಲಿಗೆ ಅಲಹಾಬಾದಿನ ಮೇಲೆ ಹೋಗೂ 82.5 ಡಿಗ್ರಿ ರೇಖಾ ಬಂತು. ಹುಬ್ಬಳ್ಳಿ ಅದಕ್ಕಿಂತ ಪಶ್ಚಿಮಕ್ಕ ಐತಿ, ಅರ್ಧ ತಾಸು ಕಳೀರಿ, ಮುಗೀತು.

ದೇಶಾಂತರ
ಕಟ್ಟಿಯವರ ಅರ್ಧ ತಾಸು ಸರಿ, ಉಳಿದದ್ದನ್ನು ಸ್ವಲ್ಪ ತಿದ್ದಬೇಕು.

ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಹುಬ್ಬಳ್ಳಿ ಸುಮಾರು 75.13 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. (82.5 − 75.13) × 4 = 29.5. ಹಾಗಾಗಿ ಇಲ್ಲಿಯ ನಡುಹಗಲು ಸರಾಸರಿ 12 ಗಂಟೆ 29 ನಿಮಿಷ 30 ಸೆಕೆಂಡಿಗೆ. ಈ ಭಾಗ ವರ್ಷವಿಡೀ ಬದಲಾಗುವುದಿಲ್ಲ.

ಬದಲಾಗುವುದು ಸೂರ್ಯನ ಕಡೆಯದು. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಅದರ ಅಕ್ಷ ಓರೆಯಾಗಿದೆ. ಈ ಎರಡು ಕಾರಣ ಸೇರಿ ಒಂದು ನಡುಹಗಲಿನಿಂದ ಮುಂದಿನ ನಡುಹಗಲಿಗೆ ಸರಿಯಾಗಿ 24 ಗಂಟೆ ಆಗುವುದಿಲ್ಲ. ಕೆಲವು ಸೆಕೆಂಡು ಹೆಚ್ಚು, ಕೆಲವು ಸೆಕೆಂಡು ಕಡಿಮೆ. ಅದೇ ವಾರಗಟ್ಟಲೆ ಕೂಡುತ್ತ ಹೋಗಿ ನವೆಂಬರ್ ಆರಂಭಕ್ಕೆ ಸೂರ್ಯ ಸರಾಸರಿಗಿಂತ 16 ನಿಮಿಷ ಮುಂದಿರುತ್ತಾನೆ, ಫೆಬ್ರವರಿ 11ರ ಸುಮಾರಿಗೆ 14 ನಿಮಿಷ ಹಿಂದಿರುತ್ತಾನೆ. ನಿಮ್ಮ ಲೆಕ್ಕ ಅಲ್ಲೇ ಕೂಡಿತು: ನವೆಂಬರ್‌ನಲ್ಲಿ 12:13, ಫೆಬ್ರವರಿಯಲ್ಲಿ 12:44ರ ಹತ್ತಿರ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಆಸುಪಾಸಿನಲ್ಲಿ ಮಾತ್ರ ಈ ಎರಡನೆಯ ಫರಕ ಸೊನ್ನೆ.

1884ರ ಸಭೆ ಗ್ರೀನಿಚ್ಚನ್ನು ಸೊನ್ನೆ ರೇಖೆ ಎಂದು ಒಪ್ಪಿತು. ಯಾವ ದೇಶಕ್ಕೂ ವಲಯ ಹಂಚಲಿಲ್ಲ. ವಲಯಗಳನ್ನು ದೇಶಗಳು ಒಂದೊಂದಾಗಿ, ಬೇರೆ ಬೇರೆ ವರ್ಷ, ತಮ್ಮ ತಮ್ಮ ಗರಜಿಗೆ ಮಾಡಿಕೊಂಡವು. ಇನ್ನು 82.5 ಡಿಗ್ರಿ ಹೋಗುವುದು ಮಿರ್ಜಾಪುರದ ಹತ್ತಿರ. ಅಲಹಾಬಾದ್ ಅದಕ್ಕಿಂತ ಅರ್ಧ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ.

ಸಪ್ತಾಪುರ_ಬಾವಿ
ಧಾರವಾಡಕ್ಕ ಎಷ್ಟು?

ದೇಶಾಂತರ
ಧಾರವಾಡದ ಮೇಲೆ 75 ಡಿಗ್ರಿ ರೇಖೆಯೇ ಹಾಯುತ್ತದೆ. ಹೆಚ್ಚುಕಡಿಮೆ ಸರಿಯಾಗಿ 30 ನಿಮಿಷ. ಗ್ರೀನಿಚ್‌ಗಿಂತ ತುಂಬಿದ 5 ತಾಸು ಮುಂದೆ. ಇಷ್ಟು ಅಚ್ಚುಕಟ್ಟಾದ ಸೂರ್ಯಸಮಯ ಇರುವ ಊರು ನಮ್ಮ ಕಡೆ ಇನ್ನೊಂದಿಲ್ಲ.

ನವನಗರ_ನೆರಳು
ಹಂಗಾದ್ರ ನಡುಹಗಲು ಖಚಿತ ಹಿಡಿಯೂದು ಹೆಂಗ? ಸಣ್ಣ ನೆರಳು ಕಾಯ್ಕೊಂಡು ಕುಂತ್ರ ಹತ್ತು ನಿಮಿಷ ಹಂಗ ನಿಂತಂಗ ಕಾಣತೈತಿ.

ದೇಶಾಂತರ
ಸಣ್ಣ ನೆರಳನ್ನು ಕಾಯುವುದೇ ಬೇಡ. 1 ಮೀಟರ್ ಕೋಲಿಗೆ ಫೆಬ್ರವರಿ 11ರಂದು ನಡುಹಗಲಿನ ನೆರಳು ಸುಮಾರು 57 ಸೆಂ.ಮೀ. ಅದಕ್ಕೆ ಹತ್ತು ನಿಮಿಷ ಮೊದಲಿನ ನೆರಳಿಗೂ ನಡುಹಗಲಿನ ನೆರಳಿಗೂ ಎರಡೂವರೆ ಮಿಲಿಮೀಟರ್ ಸಹ ವ್ಯತ್ಯಾಸ ಇರುವುದಿಲ್ಲ. ಕಣ್ಣು ಅದನ್ನು ಹಿಡಿಯಲಾರದು. ಅದೇ ಎರಡು ತಾಸು ಮೊದಲು ನೆರಳು ನಿಮಿಷಕ್ಕೆ 5-6 ಮಿ.ಮೀ. ಓಡುತ್ತಿರುತ್ತದೆ. ಅಲ್ಲಿ ಅಳೆಯಬೇಕು.

ಕೋಲಿನ ಬುಡವನ್ನೇ ನಡುವಾಗಿಟ್ಟು ನೆಲದ ಮೇಲೆ 92 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ಒಳಗೆ ಸರಿಯುತ್ತ ಆ ಗೆರೆ ಮುಟ್ಟಿದ ಕ್ಷಣ ಗಡಿಯಾರ ನೋಡಿ ಬರೆದುಕೊಳ್ಳಿ, ಮಧ್ಯಾಹ್ನ ಹೊರಗೆ ಹೋಗುವಾಗ ಮತ್ತೊಮ್ಮೆ. ಉದಾಹರಣೆಗೆ 10:40 ಮತ್ತು 2:47 ಬಂದರೆ ಎರಡರ ನಡುವಿನ ಸಮಯ 12:43:30. ಅದೇ ನಿಮ್ಮ ನಡುಹಗಲು. ಗೆರೆ ಮುಟ್ಟಿದ ಎರಡು ಬಿಂದುಗಳನ್ನು ದಾರ ಹಿಡಿದು ಕೂಡಿಸಿದರೆ ಪೂರ್ವ-ಪಶ್ಚಿಮ ಸಿಕ್ಕಿತು, ಅದರ ನಡುಬಿಂದುವಿನಿಂದ ಕೋಲಿನ ಬುಡಕ್ಕೆ ಎಳೆದ ಗೆರೆಯೇ ಉತ್ತರ-ದಕ್ಷಿಣ. ದಿಕ್ಸೂಚಿ ಬೇಕಿಲ್ಲ.

ಕೆಡುವುದು ಮೂರು ಕಡೆ. ನೆಲ ಸಮ ಇಲ್ಲದಿದ್ದರೆ ಬೆಳಗಿನ ನೆರಳು ಒಂದು ಅಳತೆ, ಮಧ್ಯಾಹ್ನದ್ದು ಒಂದು ಅಳತೆ ಆಗುತ್ತದೆ. ಕೋಲು ಪೂರ್ವಕ್ಕೋ ಪಶ್ಚಿಮಕ್ಕೋ ವಾಲಿದ್ದರೂ ಅದೇ ಗತಿ. ಗೌಂಡಿಯ ತೂಗುಗುಂಡು ಇಟ್ಟು ಎರಡು ಬದಿಯಿಂದ ನೋಡಲೇಬೇಕು. ಮೂರನೆಯದು ನೆರಳಿನ ತುದಿ: ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ತುದಿ ಒಂದೆರಡು ಸೆಂಟಿಮೀಟರ್ ಮಸುಕಾಗಿರುತ್ತದೆ. ಕೋಲಿನ ತಲೆಗೆ 5 ಮಿ.ಮೀ. ತೂತಿನ ತಗಡು ಕಟ್ಟಿದರೆ ನೆಲದ ಮೇಲೆ ದುಂಡು ಬೆಳಕು ಬೀಳುತ್ತದೆ, ಅದರ ನಡುವನ್ನು ಗುರುತು ಮಾಡಿ.

ರಾಣೇಬೆನ್ನೂರ್_ರಾಯರು
ಇದೆಲ್ಲ ಸರಿ, ನನ್ನ ಪ್ರಶ್ನೆ ಬೇರೆ. ಕ್ಯಾಲೆಂಡರಿನೊಳಗ ಸೋಮವಾರ ರಾಹುಕಾಲ 7:30ರಿಂದ 9 ಅಂತ ಅಚ್ಚು ಹಾಕ್ತಾರ. ಅದು ಫೋನಿನ ಟೈಮೋ ಸೂರ್ಯನ ಟೈಮೋ? ಮನಿಯೊಳಗ ಇದರ ಮೇಲೆ ದೊಡ್ಡ ವಾದ ನಡದೈತಿ.

ಕೇಶ್ವಾಪುರ_ಕಟ್ಟಿ
ರಾಯರ, ಇಲ್ಲಿ ರೈಲ್ವೆ ಮಾತು ನಡದೈತಿ.

ದೇಶಾಂತರ
ಇರಲಿ, ಪ್ರಶ್ನೆಗೆ ಸಂಬಂಧ ಇದೆ. 7:30 ಎಂಬುದು 6ಕ್ಕೆ ಹುಟ್ಟಿ 6ಕ್ಕೆ ಮುಳುಗುವ ಸೂರ್ಯನ ಲೆಕ್ಕ: ಹಗಲಿನ ಎಂಟು ಭಾಗದಲ್ಲಿ ಎರಡನೆಯದು. ಮಾರ್ಚ್ 21ರಂದು ನಿಮ್ಮ ಕಡೆ ಸೂರ್ಯೋದಯ 6:33ರ ಹತ್ತಿರ, ಸೂರ್ಯಾಸ್ತ 6:40ರ ಹತ್ತಿರ. ಒಂದು ಭಾಗ 91 ನಿಮಿಷ. ಆ ದಿನ ಸೋಮವಾರವಾಗಿದ್ದರೆ ರಾಹುಕಾಲ 8:04ರಿಂದ 9:35. ಅಚ್ಚಾದ ಕೋಷ್ಟಕ ನೋಡಿ ಫೋನಿನ 9ಕ್ಕೆ ಮುಗಿಯಿತು ಎಂದು ಹೊರಟವರು ಲೆಕ್ಕದ ಪ್ರಕಾರ ಅದರ ನಡುವೆಯೇ ಹೊರಟಂತೆ. ಅಭಿಜಿನ್ ಮುಹೂರ್ತವೂ ಹಾಗೇ, ನಡುಹಗಲಿನ ಎರಡೂ ಬದಿ ಸುಮಾರು 24 ನಿಮಿಷ. ಫೆಬ್ರವರಿಯಲ್ಲಿ ಅದು 12:20ಕ್ಕೆ ಶುರು. ಊರಿಗೆ ತಕ್ಕ ಸೂರ್ಯೋದಯ ಹಾಕಿದ ಪಂಚಾಂಗ ಇಟ್ಟುಕೊಳ್ಳಿ, ವಾದ ನಿಲ್ಲುತ್ತದೆ.

ರಾಣೇಬೆನ್ನೂರ್_ರಾಯರು
ನಿಲ್ಲೂದಿಲ್ಲ ಬಿಡ್ರಿ. ಆದ್ರ ತಿಳೀತು.

ಲೂಪ್‌ಲೈನ್
ಈಗ ರೈಲ್ವೆಗೆ ಬರ್ತೀನಿ. ಮೂಲ ಪ್ರಶ್ನೆ ಅದ.

ನಮ್ಮ ಅಕ್ಷಾಂಶದಾಗ ಒಂದು ಡಿಗ್ರಿ ಅಂದ್ರ ನೆಲದ ಮೇಲೆ 107 ಕಿ.ಮೀ. ಸುಮಾರು 27 ಕಿ.ಮೀ. ಪೂರ್ವಕ್ಕ ಹೋದ್ರ ಸೂರ್ಯ ಒಂದು ನಿಮಿಷ ಮುಂದ. ಎತ್ತಿನ ಗಾಡಿಯವಗ ಇದು ಲೆಕ್ಕಕ್ಕಿಲ್ಲ. ಹುಬ್ಬಳ್ಳಿಯಿಂದ ಗುಂತಕಲ್ 260 ಕಿ.ಮೀ. ಹತ್ತಿರ, ಸೂರ್ಯನ ಫರಕ 9 ನಿಮಿಷ. ಇಷ್ಟು ದಾರಿಗೆ ಎಂಟು ತಾಸು ತಗೊಳ್ಳೂ ಗಾಡಿ ಊರೂರಿನ ಗಡಿಯಾರ ನಂಬಿದ್ರ ಪೂರ್ವಕ್ಕ ಹೋಗುವಾಗ 8 ತಾಸು 9 ನಿಮಿಷ ಓಡಿದಂಗ, ಬರುವಾಗ 7 ತಾಸು 51 ನಿಮಿಷ ಓಡಿದಂಗ ಕಾಣತೈತಿ. ಅದೇ ಎಂಜಿನ್, ಅದೇ ದಾರಿ.

ಸಿಂಗಲ್ ಲೈನ್ ಮೇಲೆ ಇದು ಎಲ್ಲಿ ಕುತ್ತಿಗಿಗೆ ಬರತೈತಿ ನೋಡ್ರಿ. ಒಂದು ಲೆಕ್ಕ ಹಾಕೋಣ, ಖರೆ ನಡದದ್ದಲ್ಲ. ಟೆಲಿಗ್ರಾಫ್ ಇಲ್ಲ, ಪ್ರತಿ ಗಾರ್ಡ್ ತಾ ಹೊರಟ ಊರಿನ ಸೂರ್ಯನ ಟೈಮ್ ಇಟ್ಕೊಂಡಾನ. ಕೊಪ್ಪಳದಾಗ 10:00ಕ್ಕ ಎರಡು ಗಾಡಿ ಕ್ರಾಸಿಂಗ್. ಹುಬ್ಬಳ್ಳಿಯಿಂದ 6:00ಕ್ಕ ಬಿಟ್ಟ ಗಾಡಿ ನಾಲ್ಕು ತಾಸು ಓಡಿ ತನ್ನ ವಾಚಿನ ಪ್ರಕಾರ 10:00ಕ್ಕ ಮುಟ್ಟತೈತಿ. ಕೊಪ್ಪಳದ ಸೂರ್ಯ ಹುಬ್ಬಳ್ಳಿಗಿಂತ 4 ನಿಮಿಷ ಮುಂದ, ಅಂದ್ರ ಅಲ್ಲಿ ಆಗ 10:04. ಗುಂತಕಲ್ಲಿನಿಂದ 5:30ಕ್ಕ ಬಿಟ್ಟ ಗಾಡಿ ನಾಲ್ಕೂವರೆ ತಾಸು ಓಡಿ ತನ್ನ ವಾಚಿನ 10:00ಕ್ಕ ಬರತೈತಿ, ಕೊಪ್ಪಳದಾಗ ಅದು 9:55. "ಎದುರಿನ ಗಾಡಿಗೆ 5 ನಿಮಿಷ ಕಾದು ಹೊರಡು" ಅಂತ ನಿಯಮ ಇದ್ರ, ಆ ಗಾರ್ಡ್ ಪ್ರಾಮಾಣಿಕವಾಗಿ ಕಾದು ಕೊಪ್ಪಳದ 10:00ಕ್ಕ ಹಸಿರು ತೋರಿಸ್ತಾನ. ಹುಬ್ಬಳ್ಳಿ ಗಾಡಿ ಇನ್ನೂ 4 ನಿಮಿಷದ ದಾರಿ ದೂರ ಅದೇ ಹಳಿ ಮೇಲೆ ಎದುರಿಗೆ ಬರಾಕತ್ತೈತಿ. ಇಬ್ಬರ ವಾಚೂ ಸರಿ, ಇಬ್ಬರೂ ನಿಯಮ ಮುರಿದಿಲ್ಲ.

ಗದಗ_ಜಂಕ್ಷನ್
ಲೆಕ್ಕ ಚೆಂದ ಐತಿ, ಆದ್ರ ಅದನ್ನ ಇತಿಹಾಸ ಅಂತ ಒಪ್ಪಂಗಿಲ್ಲ. ರೈಲ್ವೆ ಕಂಪನಿಗಳು ಒಂದು ಲೈನಿನ ಮೇಲೆ ಊರಿಗೊಂದು ಟೈಮ್ ಇಟ್ಟು ಬಹಳ ದಿನ ಗಾಡಿ ಓಡಿಸಲಿಲ್ಲ. ತಮ್ಮ ಲೈನಿಗೆ ಒಂದು ಟೈಮ್ ಅಂತ ಮೊದಲ ಮಾಡ್ಕೊಂಡಿದ್ರು. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ 1840ರಾಗ ಲಂಡನ್ ಟೈಮ್ ಹಾಕ್ಕೊಂತು, ಬ್ರಿಸ್ಟಲ್ ಸೂರ್ಯ ಹತ್ತು ನಿಮಿಷ ಹಿಂದ ಇದ್ರೂ. ಅಮೆರಿಕದಾಗ 1883ರ ತನಕ ಕಂಪನಿಗೊಂದರಂಗ ಐವತ್ತರ ಆಸುಪಾಸು ಟೈಮ್ ಇದ್ವು. ತೊಂದರಿ ಬಂದದ್ದು ಜಂಕ್ಷನ್‌ದಾಗ: ಒಂದೇ ಸ್ಟೇಷನ್‌ಗೆ ಮೂರು ಕಂಪನಿ, ಮೂರು ಗಡಿಯಾರ, ಗಾಡಿ ಬದಲಿಸೂ ಮಂದಿಗೆ ದಿಕ್ಕ ತಿಳೀವಲ್ದು. ಪ್ರಮಾಣ ಕಾಲ ತಂದದ್ದು ಅಪಘಾತ ಅಲ್ಲ, ಟೈಮ್‌ಟೇಬಲ್ ಕೂಡಿಸೂ ಕೆಲಸ.

ಲೂಪ್‌ಲೈನ್
1853ರಾಗ ಅಮೆರಿಕದ ವ್ಯಾಲಿ ಫಾಲ್ಸ್ ಡಿಕ್ಕಿ ಮರೀಬ್ಯಾಡ್ರಿ. 14 ಮಂದಿ ಸತ್ರು, ಕಾರಣ ಕಂಡಕ್ಟರ್‌ನ ವಾಚ್ ಹಿಂದ ಬಿದ್ದಿದ್ದು.

ಗದಗ_ಜಂಕ್ಷನ್
ಅದ ನನ್ನ ಮಾತು. ಆ ವಾಚ್ ಕೆಟ್ಟಿತ್ತು. ಸೂರ್ಯಸಮಯ, ಪ್ರಮಾಣ ಸಮಯದ ಜಗಳ ಅಲ್ಲ ಅದು. ಜಗತ್ತಿಗೆಲ್ಲ ಒಂದ ಟೈಮ್ ಮಾಡಿದ್ರೂ ಹಿಂದ ಬಿದ್ದ ವಾಚ್ ಹಿಂದ ಬೀಳತಿತ್ತು.

ಲೂಪ್‌ಲೈನ್
ಅರ್ಧ ಒಪ್ತೀನಿ. ವಾಚ್ ತಾಳಿ ನೋಡಾಕ ಒಂದು ಗುರಿ ಬೇಕಲ್ಲ? ಆ ಗುರಿ ದಿನಾ ತಂತಿ ಮೇಲೆ ಬರಬೇಕು, ಎಲ್ಲಾರಿಗೂ ಒಂದ ಇರಬೇಕು. ಇವತ್ತಿಗೂ ರೈಲ್ವೆ ಸಾಮಾನ್ಯ ನಿಯಮ 4.01ರಾಗ ಐತಿ: ಭಾರತ ಸರ್ಕಾರ ಗೊತ್ತು ಮಾಡಿದ ಪ್ರಮಾಣ ಸಮಯವನ್ನ ದಿನಾ 16.00ಕ್ಕ ಮುಖ್ಯ ಸ್ಟೇಷನ್‌ಗಳಿಗೆ ಕಳಿಸಬೇಕು. ಗಾಡಿ ಹೊರಡೂ ಮುಂಚೆ ಗಾರ್ಡ್ ಸ್ಟೇಷನ್ ಗಡಿಯಾರಕ್ಕ ತನ್ನ ವಾಚ್ ಕೂಡಿಸ್ಕೊಂಡು ಡ್ರೈವರ್‌ಗೆ ಹೇಳಬೇಕು, ಅವನೂ ಕೂಡಿಸ್ಕೋಬೇಕು. ಈಗ ಗಾರ್ಡ್‌ಗೆ ಟ್ರೇನ್ ಮ್ಯಾನೇಜರ್ ಅಂತಾರ, ಕೆಲಸ ಅದ. ಆದ್ರ ಸಿಂಗಲ್ ಲೈನ್ ಮೇಲೆ ಡಿಕ್ಕಿ ತಪ್ಪಿಸಿದ್ದು ಗಡಿಯಾರ ಅಲ್ಲ, ಟೋಕನ್. ಎರಡು ಸ್ಟೇಷನ್ ನಡುವಿನ ಯಂತ್ರದಾಗಿಂದ ಒಂದು ಸಲಕ್ಕ ಒಂದ ಚೆಂಡು ಹೊರಗ ಬರತೈತಿ, ಅದು ಕೈಯಾಗ ಇಲ್ಲದ ಡ್ರೈವರ್ ಆ ತುಂಡಿನೊಳಗ ಗಾಡಿ ಹಾಕಂಗಿಲ್ಲ. ವಾಚ್ ನಿಂತ್ರೂ ಡಿಕ್ಕಿ ಆಗೂದಿಲ್ಲ, ಗಾಡಿ ತಡ ಆಗತೈತಿ ಅಷ್ಟ.

ಸಪ್ತಾಪುರ_ಬಾವಿ
ಹಂಗಾದ್ರ ನಮ್ಮ ಲೈನ್ ಶುರುವಾದಾಗ ಯಾವ ಟೈಮ್ ಇತ್ತು? ಧಾರವಾಡ ಜಿಲ್ಲಾ ಮುಂಬಯಿ ಪ್ರಾಂತದಾಗಿತ್ತು. ಮುಂಬಯಿ ಟೈಮ್ ಇರಬೇಕಲ್ಲ?

ದೇಶಾಂತರ
ಇಲ್ಲೇ ವಿಷಯ ಸ್ವಾರಸ್ಯ ಆಗುವುದು. ಆಡಳಿತ ಮುಂಬಯಿಯದು, ರೈಲಿನ ಸಮಯ ಮದ್ರಾಸಿನದು.

1870ರಲ್ಲಿ ಜಬಲ್ಪುರದಲ್ಲಿ ಮುಂಬಯಿ-ಕಲ್ಕತ್ತ ಹಳಿಗಳು ಕೂಡಿದವು, 1871ರಲ್ಲಿ ನಮ್ಮ ರಾಯಚೂರಿನಲ್ಲಿ ಮುಂಬಯಿ-ಮದ್ರಾಸ್ ಹಳಿಗಳು ಕೂಡಿದವು. ಮುಂಬಯಿ ಸಮಯ ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ, ಮದ್ರಾಸ್ 5:21, ಕಲ್ಕತ್ತ 5:53. ಹಳಿ ಕೂಡಿದ ಮೇಲೆ ಒಂದೇ ಟೈಮ್‌ಟೇಬಲ್‌ನಲ್ಲಿ ಒಂದು ತಾಸಿಗೂ ಹೆಚ್ಚಿನ ಅಂತರ ಇಟ್ಟುಕೊಳ್ಳುವುದು ಆಗದ ಮಾತು. ಮದ್ರಾಸ್ ಎರಡರ ನಡುವೆ ಇತ್ತು, ಅಲ್ಲಿ ವೀಕ್ಷಣಾಲಯವೂ ಇತ್ತು. ಹಾಗಾಗಿ ಅದೇ ದೇಶದ ರೈಲ್ವೆ ಸಮಯವಾಯಿತು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ನಮ್ಮ ಕಡೆ ಹಳಿ ಹಾಕುವ ಹೊತ್ತಿಗೆ ಆ ಪದ್ಧತಿ ನೆಲೆಯೂರಿತ್ತು.

ಈಗ 1900ರ ಒಂದು ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಸರಾಸರಿ ಸೂರ್ಯ 12:00 ತೋರಿಸುತ್ತಿದ್ದಾನೆ ಎಂದುಕೊಳ್ಳಿ. ಆಗ ಮುಂಬಯಿ ಸಮಯ 11:50:30, ರೈಲ್ವೆ ಸಮಯ 12:20:30. ಸೂರ್ಯನನ್ನು ನೋಡಿ ಗಾಡಿ ಹಿಡಿಯಲು ಹೋದವನು 20 ನಿಮಿಷ ತಡ. 1906ರ ಜನವರಿ 1ರಿಂದ 5:30 ಪ್ರಮಾಣ ಕಾಲವಾದಾಗ ರೈಲ್ವೆ ಗಡಿಯಾರಕ್ಕೆ ಕೂಡಿದ್ದು 9 ನಿಮಿಷ ಮಾತ್ರ. ನವನಗರದವರ ಪ್ರಶ್ನೆಗೆ ಉತ್ತರ ಇದು: ನಿಮ್ಮ 29.5 ನಿಮಿಷದಲ್ಲಿ 20.5 ನಿಮಿಷ ಮೊದಲೇ ರೈಲ್ವೆ ತಂದದ್ದು, 9 ನಿಮಿಷ ಆಮೇಲಿನದು.

ಕೇಶ್ವಾಪುರ_ಕಟ್ಟಿ
1906ರಾಗ ಎಲ್ಲಾರೂ ಒಪ್ಪಿದ್ರು ಅಂದಂಗಾತು.

ಗದಗ_ಜಂಕ್ಷನ್
ಎಲ್ಲಿ ಒಪ್ಪಿದ್ರು? ಕಲ್ಕತ್ತ 1948ರ ತನಕ ತನ್ನ ಟೈಮ್ ಬಿಡಲಿಲ್ಲ, ಮುಂಬಯಿ 1955ರ ತನಕ. ಮುಂಬಯಿಯಾಗ ಸ್ಟೇಷನ್ ಗಡಿಯಾರಕ್ಕೂ ಪ್ಯಾಟಿ ಗಡಿಯಾರಕ್ಕೂ 39 ನಿಮಿಷ ಫರಕ. ರೈಲ್ವೆ ಟೈಮ್ ಬಂದ ಕೂಡಲೇ ಊರಿನ ಟೈಮ್ ಹೋಯ್ತು ಅನ್ನೂದು ತಪ್ಪು ತಿಳುವಳಿಕಿ, ಬಹಳ ಕಡೆ ದಶಕಗಟ್ಟಲೆ ಎರಡೂ ನಡದಾವು.

ಇಂಗ್ಲೆಂಡಿನಾಗೂ ಹಂಗ. ಅಲ್ಲಿಯ ರೈಲ್ವೆಗಳು 1847ರಾಗ ಗ್ರೀನಿಚ್ ಟೈಮ್‌ಗೆ ಬಂದ್ವು, ಕಾನೂನು ಬಂದದ್ದು 1880ರಾಗ. ನಡುವ 1858ರಾಗ ಡಾರ್ಚೆಸ್ಟರ್ ಕೋರ್ಟಿನ ಒಂದು ವ್ಯಾಜ್ಯ ಐತಿ. ಕೋರ್ಟಿನ ಗಡಿಯಾರದಾಗ 10 ಬಡೀತು, ಪ್ರತಿವಾದಿ ಬಂದಿಲ್ಲ ಅಂತ ನ್ಯಾಯಾಧೀಶರು ತೀರ್ಪು ಕೊಟ್ರು. ಅಷ್ಟರಾಗ ಆತ ಬಂದು "ಈ ಊರಿನ ಸೂರ್ಯನ ಪ್ರಕಾರ ಇನ್ನೂ 10 ಆಗಿಲ್ಲ" ಅಂದ. ಮೇಲಿನ ಕೋರ್ಟ್ ಆತನ ಮಾತು ಎತ್ತಿ ಹಿಡೀತು: ಬೇರೆ ಹೇಳದಿದ್ರ 10 ಅಂದ್ರ ಆ ಊರಿನ 10. ಗಾಡಿ ಒಂದು ಟೈಮ್‌ಗೆ ಓಡತಿತ್ತು, ನ್ಯಾಯ ಇನ್ನೊಂದಕ್ಕ ನಡೀತಿತ್ತು.

ಲೂಪ್‌ಲೈನ್
ಫ್ರಾನ್ಸಿನಾಗ ಇನ್ನೂ ಬೇರೆ. ಸ್ಟೇಷನ್ ಹೊರಗಿನ ಗಡಿಯಾರ ಪ್ಯಾರಿಸ್ ಟೈಮ್, ಒಳಗಿನ ಗಡಿಯಾರ ಬೇಕಂತಲೇ 5 ನಿಮಿಷ ಹಿಂದ, ಓಡಿ ಬರೂ ಮಂದಿಗೆ ಗಾಡಿ ಸಿಗಲಿ ಅಂತ. 1911ರಾಗ ಗ್ರೀನಿಚ್ ಒಪ್ಪಿದಾಗ ಕಾನೂನಿನಾಗ ಗ್ರೀನಿಚ್ ಹೆಸರು ಬರೀಲಿಲ್ಲ, "ಪ್ಯಾರಿಸ್ ಸಮಯದಿಂದ 9 ನಿಮಿಷ 21 ಸೆಕೆಂಡ್ ಹಿಂದ" ಅಂತ ಬರದ್ರು.

ಏಲಕ್ಕಿ_ಹಾವೇರಿ
ಹುಬ್ಬಳ್ಳಿಯ ಉದ್ದನ ಪ್ಲಾಟ್‌ಫಾರ್ಮಿನ ಎರಡೂ ತುದಿಗೆ ಸೂರ್ಯ ಬೇರೆ ಬೇರೆ ಟೈಮ್ ತೋರಸ್ತಾನೇನು?

ದೇಶಾಂತರ
1507 ಮೀಟರ್. ಪೂರ್ತಿ ಪೂರ್ವ-ಪಶ್ಚಿಮ ಇದ್ದಿದ್ದರೆ 3.4 ಸೆಕೆಂಡ್ ಅಂತರ. ಓರೆ ಇದ್ದಷ್ಟೂ ಕಡಿಮೆ.

ಲಕ್ಕುಂಡಿ_ಕಲ್ಲು
ಸೂರ್ಯನ ಮಾತು ಬಂದದ್ದಕ್ಕ ಒಂದು ಸೇರಿಸ್ತೀನಿ. ನಮ್ಮ ಹಳೆಯ ಸಿದ್ಧಾಂತ ಗ್ರಂಥಗಳು ಸೊನ್ನೆ ರೇಖಾ ಇಟ್ಟದ್ದು ಉಜ್ಜಯಿನಿ ಮೇಲೆ. ಉಜ್ಜಯಿನಿ 75.78 ಡಿಗ್ರಿ, ಲಕ್ಕುಂಡಿ 75.72. ಎರಡೂ ಊರಿನ ನಡುಹಗಲಿಗೆ ಅರ್ಧ ನಿಮಿಷವೂ ಅಂತರ ಇಲ್ಲ. ಗದಗದ ಜ್ಯೋತಿಷಿಗೆ ದೇಶಾಂತರ ಸಂಸ್ಕಾರ ಮಾಡೂ ಕೆಲಸ ಇರಲಿಲ್ಲ ಅಂದ್ರ ನಡೀತದ. ಒಂದು ರೇಖಾ ಗೊತ್ತು ಮಾಡಿ ಉಳಿದ ಊರಿಗೆ ಕೂಡಿಸಿ ಕಳಿಯೂದು ರೈಲ್ವೆಗಿಂತ ಬಹಳ ಹಳೇದು.

ಗದಗ_ಜಂಕ್ಷನ್
ಹಳೇದು ಖರೆ, ಆದ್ರ ಕೆಲಸ ತಿರುಗಾಮುರುಗಾ. ಜ್ಯೋತಿಷಿ ಉಜ್ಜಯಿನಿ ಲೆಕ್ಕ ತಗೊಂಡು ತನ್ನ ಊರಿನ ಸೂರ್ಯನಿಗೆ ಇಳಿಸ್ಕೊಂತಿದ್ದ. ರೈಲ್ವೆ ಊರಿನ ಸೂರ್ಯನ್ನ ಬಿಟ್ಟು ಒಂದು ರೇಖಾದ ಟೈಮನ್ನ ಎಲ್ಲಾ ಊರಿಗೂ ಹಾಕ್ತು.

ಏಲಕ್ಕಿ_ಹಾವೇರಿ
ಅಸ್ಸಾಮಿನವರಿಗೆ ಬೇರೆ ಟೈಮ್ ಕೊಟ್ರ ಏನ್ ಕೆಡತದ? ಅಲ್ಲಿ ನಮಗಿಂತ ಒಂದು ತಾಸಿಗೂ ಮೊದಲ ಹೊತ್ತು ಹುಟ್ಟತದ, ಚಹಾ ತ್ವಾಟದಾಗ ಒಂದು ತಾಸು ಮುಂದಿನ ಟೈಮ್ ಮೊದಲಿನಿಂದ ಐತಿ.

ಲೂಪ್‌ಲೈನ್
ಮೊದಲು ಅಡ್ಡ ಬರೂದು ಮತ್ತ ರೈಲ್ವೆನ. 2018ರಾಗ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ಎರಡು ವಲಯದ ಸಲಹೆ ಕೊಟ್ರು. ಗಡಿ ಅಲ್ಲಿ ಇಕ್ಕಟ್ಟಾದ ಕಾರಣ ಬಹಳ ಕಡಿಮೆ ಸ್ಟೇಷನ್‌ದಾಗ ಗಡಿಯಾರ ಬದಲಿಸಿದ್ರ ಸಾಕು ಅನ್ನೂದು ಅವರ ವಾದ. ನಾ ಒಪ್ಪೂದಿಲ್ಲ. ಆ ಗಡಿ ಇರೂದ ದೇಶದ ಇಕ್ಕಟ್ಟಿನ ಜಾಗಾದಾಗ, ಈಶಾನ್ಯಕ್ಕ ಹೋಗೂ ಗಾಡಿಗಳೆಲ್ಲ ಅಲ್ಲೇ ಹಾಯ್ಬೇಕು. ಒಂದು ಕಂಟ್ರೋಲ್ ಆಫೀಸಿನಾಗ ಎರಡು ಗಡಿಯಾರ ಇಟ್ರ ಆದೇಶ ಬರಿಯುವಾಗ ಯಾವ ಟೈಮ್ ಅಂತ ಕೇಳೂ ದಿನ ಮತ್ತ ಬರತದ.

ಗದಗ_ಜಂಕ್ಷನ್
ರಷ್ಯಾದಾಗ ಹನ್ನೊಂದು ವಲಯ ಇದ್ರೂ ಗಾಡಿ ಓಡತಾವು. ರೈಲ್ವೆ ಒಳಗ ಒಂದ ಟೈಮ್ ಇಟ್ಕೊಂಡು, ಊರಿನ ಕಚೇರಿ-ಶಾಲಿಗೆ ಬೇರೆ ಇಟ್ರ ಆತು. ಇಲ್ಲಿ ಮದ್ರಾಸ್ ಟೈಮ್ ಹಂಗ ಇತ್ತಲ್ಲ.

ಲೂಪ್‌ಲೈನ್
ಆಗ ದಿನಕ್ಕ ಎಷ್ಟು ಗಾಡಿ ಇದ್ವು, ಈಗ ಎಷ್ಟು ಅದಾವು? ಟಿಕೀಟಿನ ಮೇಲೆ ಯಾವ ಟೈಮ್ ಹಾಕ್ತೀರಿ?

ನವನಗರ_ನೆರಳು
ವಾದ ನಡೀಲಿ. ನನಗ ಕಡೀ ಪ್ರಶ್ನೆ. ಗಡಿಯಾರದ ಹಾಸಿನ ಮೇಲೆ ಈ 29.5 ನಿಮಿಷ ಮೊದಲ ಕೂಡಿಸಿ ಗೆರಿ ಎಳೀಬಹುದಾ? ಮಕ್ಕಳು ನೇರ ಓದಬೇಕು.

ದೇಶಾಂತರ
ಎಳೆಯಬಹುದು. ನೆರಳು ಬೀಳಿಸುವ ತಗಡಿನ ಓರೆ ಅಂಚು ನೆಲದಿಂದ 15.4 ಡಿಗ್ರಿ ಮೇಲೆದ್ದು ಉತ್ತರಕ್ಕೆ ಮುಖ ಮಾಡಿರಬೇಕು, ಅದು ಹುಬ್ಬಳ್ಳಿಯ ಅಕ್ಷಾಂಶ. ಅಂತರ್ಜಾಲದಿಂದ ಇಳಿಸಿಕೊಂಡ ಯುರೋಪಿನ ನಕ್ಷೆಗಳಲ್ಲಿ 50ರ ಸುಮಾರಿನ ಕೋನ ಇರುತ್ತದೆ, ಅದನ್ನೇ ಹಾಕಿದರೆ ನಡುಹಗಲು ಬಿಟ್ಟು ಉಳಿದ ಎಲ್ಲ ಗಂಟೆಯೂ ತಪ್ಪುತ್ತದೆ. ತಗಡಿನ ಬುಡದಿಂದ ಸೀದಾ ಉತ್ತರಕ್ಕೆ ಹೋಗುವ ಗೆರೆಗೆ 12 ಎಂದು ಬರೆಯಬೇಡಿ, 12:30 ಎಂದು ಬರೆಯಿರಿ. ಅರ್ಧ ನಿಮಿಷ ಆ ಗೆರೆಯ ದಪ್ಪದಲ್ಲೇ ಹೋಗುತ್ತದೆ. ಉಳಿದ ಗೆರೆಗಳನ್ನೂ ಅದೇ ಅರ್ಧ ಗಂಟೆ ಸರಿಸಿ ಲೆಕ್ಕ ಹಾಕಿ.

ಸೂರ್ಯನ ಹಿಂದುಮುಂದಿನ ನಿಮಿಷಗಳನ್ನು ಹಾಸಿನಲ್ಲಿ ಸೇರಿಸಲು ಹೋಗಬೇಡಿ, ಪಕ್ಕದಲ್ಲಿ ತಿಂಗಳುವಾರು ಕೋಷ್ಟಕ ಕೆತ್ತಿಸಿ. ಮೇ 2 ಮತ್ತು ಆಗಸ್ಟ್ 11ರ ಹತ್ತಿರ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಮೊದಲನೆಯದು 12:26ರ ಸುಮಾರಿಗೆ, ಎರಡನೆಯದು 12:34ರ ಸುಮಾರಿಗೆ. ಆ ಹೊತ್ತಿಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಮಕ್ಕಳನ್ನು ಆ ಎರಡು ದಿನ ಅಂಗಳಕ್ಕೆ ಕರೆದುಕೊಂಡು ಹೋಗಿ, ಆಗಸ್ಟ್‌ನಲ್ಲಿ ಮೋಡ ಇರುವುದೇ ಹೆಚ್ಚು, ಮೇ ತಿಂಗಳದ್ದನ್ನು ಬಿಡಬೇಡಿ.

ರಾಣೇಬೆನ್ನೂರ್_ರಾಯರು
ಮೇ 2ಕ್ಕ ಶಾಲಿ ಸೂಟಿ ಇರತೈತ್ರಿ.

ನವನಗರ_ನೆರಳು
ಸೂಟಿ ಇದ್ರೂ ಕರೀತೀನಿ. ಹಾವೇರಿಯವರ, ನಿಮ್ಮ ಊರಿಗೆ ಬೇಕಾದ್ರ 75.4 ಡಿಗ್ರಿ ಹಿಡಿದು 28 ನಿಮಿಷ ಹಾಕ್ರಿ.